ಪದಚರ್ಚೆ: ಸಿಸಿಟಿವಿ ಟೆಂಡರಿನ ‘4 ಎಂಬಿ’ ಬಿಟ್ಟೋ ಬೈಟೋ?

ಮಂಡ್ಯದಿಂದ: ಇಲ್ಲಿನ ಕಾಲೇಜೊಂದರ ಕ್ಯಾಂಪಸ್ಸಿಗೆ 64 ಕ್ಯಾಮೆರಾ ಹಾಕಿಸುವ ಟೆಂಡರನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಕರಡಿನಲ್ಲಿ ‘ಪ್ರತಿ ಕ್ಯಾಮೆರಾಗೆ ಸೆಕೆಂಡಿಗೆ 4 ಎಂಬಿ, ಸಂಗ್ರಹಾವಧಿ 30 ದಿನ’ ಎಂದಿದೆ. ಇದನ್ನೇ ಓದಿ ಒಬ್ಬ ಗುತ್ತಿಗೆದಾರರು 83 ಟಿಬಿ ಅಂದರು, ಇನ್ನೊಬ್ಬರು 660 ದಾಟುತ್ತದೆ ಅಂದರು. ಇಲ್ಲಿ ಎಂಬಿ ಅಂದರೆ ಯಾವುದು? ಹೇಗೆ ಬರೆದರೆ ಗೊಂದಲವಾಗದು?

ಮೈಸೂರಿನಿಂದ: ಮೆಗಾಬಿಟ್ಟೇ ಸರ್. 4 ಮೆಗಾಪಿಕ್ಸೆಲ್ ಕ್ಯಾಮೆರಾ ಅಲ್ಲವೇ? ಪಿಕ್ಸೆಲ್ ಎಷ್ಟೋ ಬಿಟ್ ಅಷ್ಟು.

ಕುವೆಂಪುನಗರದಿಂದ: ನಮ್ಮ ಮನೆಗೆ ನಾಲ್ಕೇ ಕ್ಯಾಮೆರಾ, ಇಂಟರ್ನೆಟ್ 40 ಎಂಬಿ ಪ್ಲಾನ್. ರೆಕಾರ್ಡಿಂಗಿಗೆ ಅಷ್ಟು ಸಾಕೇ?

ನೆಟ್‌ವರ್ಕ್ ಕೆಲಸದವರೊಬ್ಬರು: ಕುವೆಂಪುನಗರದವರೇ, ರೆಕಾರ್ಡರ್ ಮನೆಯಲ್ಲೇ ಇದ್ದರೆ ರೆಕಾರ್ಡಿಂಗಿಗೂ ನಿಮ್ಮ ಪ್ಲಾನಿಗೂ ಸಂಬಂಧವಿಲ್ಲ. ಹೊರಗಿನಿಂದ ಮೊಬೈಲಿನಲ್ಲಿ ನೋಡುವಾಗ ಮಾತ್ರ ಅಪ್‌ಲೋಡ್ ಬೇಕು.

ಟೆಂಡರಿಗೆ ಬಂದರೆ, ಅದು ಬಿಟ್ಟೇ, ಆದರೆ ಕಾರಣ ಪಿಕ್ಸೆಲ್ ಅಲ್ಲ. ಕ್ಯಾಮೆರಾದ ಸೆಟ್ಟಿಂಗ್ಸ್ ಪುಟದಲ್ಲಿ `Max. Bitrate` ಎದುರು `4096 Kbps` ಎಂದಿರುತ್ತದೆ. ಹರಿವನ್ನು ಬಿಟ್‌ನಲ್ಲಿ ಅಳೆಯುತ್ತಾರೆ, ಡಿಸ್ಕನ್ನು ಬೈಟ್‌ನಲ್ಲಿ ಮಾರುತ್ತಾರೆ, ನಾವು ಎರಡಕ್ಕೂ ಎಂಬಿ ಅಂದುಬಿಡುತ್ತೇವೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 4 ಮೆಗಾಬಿಟ್ ಅಂದರೆ ಸೆಕೆಂಡಿಗೆ ಅರ್ಧ ಮೆಗಾಬೈಟ್. ದಿನದ 86,400 ಸೆಕೆಂಡಿಗೆ ಒಂದು ಕ್ಯಾಮೆರಾಗೆ 43.2 ಜಿಬಿ. 64 ಕ್ಯಾಮೆರಾಗೆ 30 ದಿನ ಹಿಡಿದರೆ 82,944 ಜಿಬಿ, ಸುಮಾರು 83 ಟಿಬಿ. 660 ಅಂದವರು ಬೈಟ್ ಎಂದು ಓದಿದ್ದಾರೆ, ಅದಕ್ಕೇ ಎಂಟು ಪಟ್ಟು.

ಪಿಕ್ಸೆಲ್ ಎಷ್ಟೋ ಬಿಟ್ ಅಷ್ಟೇ ಎನ್ನಲಾಗದು: ವಿಡಿಯೊ ಕುಗ್ಗಿಸುವ ವಿಧಾನಗಳಲ್ಲಿ, ಅದೇ 4 ಮೆಗಾಪಿಕ್ಸೆಲ್ ಕ್ಯಾಮೆರಾ ಎಚ್.264ರಲ್ಲಿ ತಿನ್ನುವಷ್ಟು ಜಾಗವನ್ನು ಎಚ್.265ರಲ್ಲಿ ತಿನ್ನುವುದಿಲ್ಲ. ನೋಟವೂ ಲೆಕ್ಕಕ್ಕೆ ಬರುತ್ತದೆ, ಚಿತ್ರ ಬದಲಾದಷ್ಟೂ ಬಿಟ್ ಹೆಚ್ಚು ಬೇಕು. ಕಬ್ಬಿನ ಗದ್ದೆಗೆ ಮುಖ ಮಾಡಿದ ಕ್ಯಾಮೆರಾ ನೋಡಿ: ಗಾಳಿಗೆ ಗರಿ ಅಲುಗುತ್ತಲೇ ಇರುತ್ತದೆ, ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಹುಳು ಮುತ್ತುತ್ತವೆ. ಖಾಲಿ ಕಾರಿಡಾರಿಗೆ ಆ ಕಾಟವಿಲ್ಲ. ಆದ್ದರಿಂದ 4 ಎಂಬುದು ಸರಾಸರಿಯೋ ಗರಿಷ್ಠ ಮಿತಿಯೋ ಎಂದು ಟೆಂಡರಿನಲ್ಲೇ ಹೇಳಿ. ಸರಾಸರಿ ಅಂದುಕೊಂಡು ಡಿಸ್ಕ್ ಹಾಕಿ, ಹರಿವು 6ಕ್ಕೆ ಏರಿದರೆ 30 ದಿನ 20ಕ್ಕೆ ಇಳಿಯುತ್ತದೆ. ರೆಕಾರ್ಡರ್ ಸದ್ದಿಲ್ಲದೆ ಹಳೆಯದರ ಮೇಲೆ ಬರೆಯುತ್ತದೆ. ಪ್ಲೇಬ್ಯಾಕ್ ಕ್ಯಾಲೆಂಡರಿನಲ್ಲಿ ತೀರಾ ಹಳೆಯ ದಿನ ಯಾವುದೆಂದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ನೆಟ್‌ವರ್ಕಿಗೆ ಒಟ್ಟು 256 ಮೆಗಾಬಿಟ್ ಬೇಕು, ಗಿಗಾಬಿಟ್ ಲೈನಿಗೆ ಅದು ಭಾರವಲ್ಲ. ಸಿಕ್ಕಿಬೀಳುವುದು ಒಂದೊಂದು ಬ್ಲಾಕಿನ ಕ್ಯಾಮೆರಾಗಳ ಕೇಬಲ್ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿನಲ್ಲಿ. 24 ಕ್ಯಾಮೆರಾ ಸೇರಿದರೆ 96 ಮೆಗಾಬಿಟ್, ಮೇಲಕ್ಕೆ ಹೋಗುವ ಪೋರ್ಟ್ 100ರದ್ದಾದರೆ ಚಿತ್ರ ಒಡೆದು ಒಡೆದು ನಿಲ್ಲುತ್ತದೆ.

ಬರವಣಿಗೆಗೆ ನನ್ನ ಮತ: ಸಂಕ್ಷೇಪ ಬಿಟ್ಟು ‘ಸೆಕೆಂಡಿಗೆ ಗರಿಷ್ಠ 4 ಮೆಗಾಬಿಟ್’ ಎಂದೇ ಬರೆಯಿರಿ.

ಮಂಡ್ಯದಿಂದ: ಕಚೇರಿಯಲ್ಲಿ ‘ಎಂಬಿಪಿಎಸ್’ ಇರಲಿ ಅನ್ನುತ್ತಾರೆ.

ನೆಟ್‌ವರ್ಕ್ ಕೆಲಸದವರು: ಅಲ್ಲೂ ಅದೇ ತೊಡಕು. ಇಂಗ್ಲಿಷಿನಲ್ಲಾದರೆ ದೊಡ್ಡ ಬಿ, ಚಿಕ್ಕ ಬಿ ಅಂತ ಇದೆ. ಕನ್ನಡದ ‘ಬಿ’ ಒಂದೇ.

ಮೈಸೂರಿನಿಂದ: ಪಿಕ್ಸೆಲ್ ಲೆಕ್ಕ ಬಿಟ್ಟೆ. ಆದರೆ ಸಂಗ್ರಹಾವಧಿ 30 ದಿನ ಅಂದರೆ ಇಡೀ ದಿನದ ರೆಕಾರ್ಡಿಂಗೋ, ಚಲನೆ ಕಂಡಾಗಿನದು ಮಾತ್ರವೋ? ಆ ಪದದಲ್ಲಿ ಅದು ತಿಳಿಯುವುದಿಲ್ಲವಲ್ಲ.

ಮಂಡ್ಯದಿಂದ: ಕರಡಿನಲ್ಲೂ ಇಲ್ಲ. ಪ್ರಾಂಶುಪಾಲರನ್ನೇ ಕೇಳಬೇಕು.