ಹತ್ತು ರೂಪಾಯಿ ಬಾಟಲಿ, ನಲವತ್ತು ಪರ್ಸೆಂಟ್ ತೆರಿಗೆ: ಯಾರಾದರೂ ಕುಡಿಯೋದು ಬಿಟ್ಟಿದ್ದಾರಾ?

ಗದಗದ ಅಪ್ಪ
ಮಗ ಒಂಬತ್ತನೇ ಕ್ಲಾಸು. ಸ್ಕೂಲ್ ಬಿಟ್ಟ ಮೇಲೆ ದಿನಾ ಒಂದು ಕೂಲ್‌ಡ್ರಿಂಕ್ ಆಗಲೇಬೇಕು. ಅದಕ್ಕೆ 40% ತೆರಿಗೆ ಇದೆ ಅಂತಾರೆ. ಆದರೂ ಯಾರೂ ಬಿಟ್ಟಂತೆ ಕಾಣೋದಿಲ್ಲ. ಇಂಥ ತೆರಿಗೆಯಿಂದ ಜನ ಕೊಳ್ಳೋದು ನಿಜವಾಗ್ಲೂ ಬದಲಾಗುತ್ತಾ?

ಕಿರಾಣಿ ಬಸಣ್ಣ, ಹುಬ್ಬಳ್ಳಿ
ಇಲ್ಲ. ಕೇಶ್ವಾಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗಡಿ ಇಟ್ಟಿದ್ದೇನೆ. 2025ರ ಸೆಪ್ಟೆಂಬರ್‌ನಲ್ಲಿ 28 ಇದ್ದದ್ದನ್ನು ಒಮ್ಮೆಗೇ 40 ಮಾಡಿದರು. ನನ್ನ ಫ್ರಿಜ್‌ನಿಂದ ಒಂದು ಬಾಟಲಿನೂ ಕಡಿಮೆ ಹೋಗಿಲ್ಲ. ಇದಕ್ಕಿಂತ ಪುರಾವೆ ಏನು ಬೇಕು?

ಲೆಕ್ಕದ ಅಕ್ಕ
"28 ಇದ್ದದ್ದನ್ನು 40 ಮಾಡಿದರು." ಯಾರು ಹೇಳಿದ್ದು ಬಸಣ್ಣಾರೇ? 2017ರ ಜುಲೈನಿಂದಲೂ 28 ಜಿಎಸ್‌ಟಿ, ಅದರ ಮೇಲೆ 12 ಸೆಸ್. ಒಟ್ಟು 40. 2025ರ ಸೆಪ್ಟೆಂಬರ್ 22ಕ್ಕೆ ಸೆಸ್ ತೆಗೆದು ಎರಡನ್ನೂ ಸೇರಿಸಿ ಒಂದೇ ದರ ಮಾಡಿದರು, ಅಷ್ಟೇ. ಏರದೇ ಇರುವ ತೆರಿಗೆಗೆ ವ್ಯಾಪಾರ ಯಾಕೆ ಇಳಿಯಬೇಕು?

ಕಿರಾಣಿ ಬಸಣ್ಣ, ಹುಬ್ಬಳ್ಳಿ
ಹಾಗಾದರೆ ಎಂಟು ವರ್ಷದಿಂದ 40 ಇದೆ, ಎಂಟು ವರ್ಷದಿಂದ ಜನ ಕುಡಿಯುತ್ತಲೇ ಇದ್ದಾರೆ. ನನ್ನ ಮಾತೇ ಇನ್ನೂ ಗಟ್ಟಿ ಆಯ್ತು ಬಿಡಿ. ಅದೂ ಅಲ್ಲದೆ ಮೊದಲು ಹುಡುಗರು ಇಪ್ಪತ್ತರ ಬಾಟಲಿ ಒಯ್ಯುತ್ತಿದ್ದರು. ಈಗ 200 ಎಂ.ಎಲ್. ಹತ್ತೇ ರೂಪಾಯಿಗೆ ಬಂದಿದೆ. ತೆರಿಗೆ ಹಾಕಿದ ಸಾಮಾನು ತುಟ್ಟಿ ಆಗಬೇಕಿತ್ತು, ಸೋವಿ ಆಗಿದೆ!

ಲೆಕ್ಕದ ಅಕ್ಕ
ಈಗ ಸರಿಯಾದ ಜಾಗಕ್ಕೆ ಬಂದಿರಿ. ನಮ್ಮ ತೆರಿಗೆ ಬೆಲೆಯ ಮೇಲೆ ಇದೆ, ಸಕ್ಕರೆಯ ಮೇಲೆ ಇಲ್ಲ. ಎಂ.ಆರ್.ಪಿ. ಒಳಗೇ ತೆರಿಗೆ ಕೂತಿರುತ್ತದೆ. 10 ರೂಪಾಯಿ ಬಾಟಲಿಯಲ್ಲಿ ಅದು 2 ರೂಪಾಯಿ 86 ಪೈಸೆ. 20ರ ಬಾಟಲಿಯಲ್ಲಿ 5 ರೂಪಾಯಿ 71 ಪೈಸೆ. ಅಂದರೆ ಕಂಪನಿ ಸೋವಿ ಮಾಡಿದಷ್ಟೂ ತೆರಿಗೆಯೂ ಇಳಿಯುತ್ತದೆ. ದೊಡ್ಡ ಬಾಟಲಿಯಲ್ಲಿ ಇನ್ನೂ ಮಜಾ. 250 ಎಂ.ಎಲ್.ಗೆ 20 ಕೊಟ್ಟವನು ಲೀಟರಿಗೆ ಸುಮಾರು 23 ರೂಪಾಯಿ ತೆರಿಗೆ ಕಟ್ಟುತ್ತಾನೆ. 750 ಎಂ.ಎಲ್.ಗೆ 40 ಕೊಟ್ಟವನು ಕಟ್ಟೋದು 15 ಚಿಲ್ಲರೆ. ಜಾಸ್ತಿ ಕುಡಿಯುವವನಿಗೇ ರಿಯಾಯಿತಿ.

ಮೆಕ್ಸಿಕೊದವರು 2014ರ ಜನವರಿಯಲ್ಲಿ ಹೀಗೆ ಮಾಡಲಿಲ್ಲ. ಲೀಟರಿಗೆ 1 ಪೆಸೊ ಅಂತ ಹಾಕಿದರು. ಬಾಟಲಿ ಸೋವಿ ಇರಲಿ, ತುಟ್ಟಿ ಇರಲಿ, ಲೀಟರಿಗೆ ಒಂದು ಪೆಸೊ. ಅಂಗಡಿ ಬೆಲೆ ಹೆಚ್ಚುಕಡಿಮೆ ಹತ್ತು ಪರ್ಸೆಂಟ್ ಏರಿತು. ಮೊದಲ ವರ್ಷ ಖರೀದಿ ಸರಾಸರಿ 6 ಪರ್ಸೆಂಟ್ ಇಳಿಯಿತು. ಬಡ ಮನೆಗಳಲ್ಲಿ ಇನ್ನೂ ಜಾಸ್ತಿ ಇಳಿಯಿತು.

ಧಾರವಾಡದ ಮಳೆ
"ಬಡ ಮನೆಗಳಲ್ಲಿ ಇನ್ನೂ ಜಾಸ್ತಿ." ಇದೇ ನೋಡಿ ನಿಮ್ಮ ಆರೋಗ್ಯ ತೆರಿಗೆ. ಬಡವರ ಕೈಯಿಂದ ಬಾಟಲಿ ಕಸಿಯೋದು. ಶ್ರೀಮಂತರು ಕುಡೀತಾ ಇರಲಿ, ಅಲ್ವಾ?

ಹಾವೇರಿ ಖಾರ
ಅಯ್ಯೋ, ಬಡವರ ಬಗ್ಗೆ ಎಷ್ಟು ಕಾಳಜಿ! ಧಾರವಾಡದವರಿಗೆ ಸಕ್ಕರೆ ತೆರಿಗೆ ಅಂದರೆ ಎದೆ ಯಾಕೆ ಧಸಕ್ಕೆನ್ನುತ್ತದೆ ಗೊತ್ತು. ಬಾಟಲಿಗೆ ಹಾಕಿದವರು ನಾಳೆ ಪೇಡಾಕ್ಕೂ ಹಾಕ್ತಾರೆ ಅಂತ.

ಧಾರವಾಡದ ಮಳೆ
ಪೇಡಾ ಯಾಕೆ ಎಳೀತೀರಿ ನಡುವೆ? ಅದು ಹಾಲಿನ ಪದಾರ್ಥ. ಗಂಟೆಗಟ್ಟಲೆ ಖೋವಾ ಹುರಿದು ಮಾಡೋದು. ಸಕ್ಕರೆ ನೀರಿಗೆ ಗ್ಯಾಸ್ ತುಂಬಿದ್ದಕ್ಕೂ ಇದಕ್ಕೂ ಹೋಲಿಕೆಯಾ? ನಮ್ಮ ಅಜ್ಜ ಸಾಯುವ ತನಕ ದಿನಾ ರಾತ್ರಿ ಎರಡು ಪೇಡಾ ತಿಂದರು. ತೊಂಬತ್ತೊಂದು ವರ್ಷ ಬದುಕಿದರು.

ರಾಣೆಬೆನ್ನೂರು ರಾಯರು
ಶುಗರ್ ಬಗ್ಗೆ ಮಾತು ನಡೆದಿದೆ ಅಂತ ಬಂದೆ. ನನಗೆ ಹನ್ನೊಂದು ವರ್ಷದಿಂದ ಶುಗರ್ ಇದೆ. ಸಕ್ಕರೆ ಇಲ್ಲದ ಡಯಟ್ ಕ್ಯಾನ್ ಅಪರೂಪಕ್ಕೆ ತರುತ್ತೇನೆ. ಅದಕ್ಕೇನಾದರೂ ತೆರಿಗೆ ವಿನಾಯಿತಿ ಇದೆಯಾ? ಔಷಧಿ ಅಂಗಡಿಯವನು ಇಲ್ಲ ಅಂದ.

ಹಾವೇರಿ ಖಾರ
ರಾಯರೇ, ಇಲ್ಲಿ ಚರ್ಚೆ ಬೇರೆ. @ಧಾರವಾಡದ ಮಳೆ, ಖೋವಾದ ಮೇಲೆ ಉರುಳಿಸೋ ಆ ಬಿಳಿ ಪುಡಿ ಏನು? ಅದೂ ಹಾಲಾ? ಬಾಯಿಗೆ ಹಾಕಿದ ಕೂಡಲೇ ನಾಲಿಗೆಗೆ ಕರಕರ ಅಂತ ಸಿಗುತ್ತದಲ್ಲ, ಅದು ಆಕಳು ಕೊಟ್ಟದ್ದಾ?

ಧಾರವಾಡದ ಮಳೆ
ಆ ಪುಡಿ ಒಂದು ಲೇಪ ಅಷ್ಟೇ. ನೀವು ಸವಣೂರ ಖಾರದ ಎಣ್ಣೆ ಹಿಂಡಿ ನೋಡಿ ಮೊದಲು. ಒಂದು ಪೊಟ್ಟಣ ಪೇಪರ್ ಮೇಲೆ ಇಟ್ಟರೆ ಪೇಪರ್ ಆಚೆ ಕಡೆಯ ಸುದ್ದಿ ಓದಬಹುದು.

ಹಾವೇರಿ ಖಾರ
ಖಾರಕ್ಕೆ ಕೈ ಹಾಕಬೇಡಿ. ಅದರಲ್ಲಿ ಸಕ್ಕರೆ ಇಲ್ಲ.

ಲೆಕ್ಕದ ಅಕ್ಕ
ಇಬ್ಬರೂ ಒಂದೇ ದೋಣಿಯಲ್ಲಿದ್ದೀರಿ. ಪೇಡಾಕ್ಕೂ 5 ಪರ್ಸೆಂಟ್, ಖಾರಕ್ಕೂ 5. ಪ್ಯಾಕ್ ಮಾಡಿದ ಖಾರಕ್ಕೆ 12 ಇತ್ತು, ಸೆಪ್ಟೆಂಬರ್‌ನಲ್ಲಿ 5ಕ್ಕೆ ಇಳಿಸಿದರು. ಮೆಕ್ಸಿಕೊದಲ್ಲಿ ಆಗಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದಿರಿ. ಅಲ್ಲಿ ಬಾಟಲಿ ತೆರಿಗೆಯ ಜೊತೆಗೇ, 100 ಗ್ರಾಂಗೆ 275 ಕ್ಯಾಲರಿ ದಾಟಿದ ಕುರುಕಲು, ಮಿಠಾಯಿ ಎಲ್ಲಕ್ಕೂ 8 ಪರ್ಸೆಂಟ್ ಹಾಕಿದರು. ಸಕ್ಕರೆನೋ ಎಣ್ಣೆನೋ ಕೇಳಲಿಲ್ಲ.

ರಾಯರ ಪ್ರಶ್ನೆಯನ್ನು ತಳ್ಳಿಬಿಟ್ಟಿರಿ. ಇಡೀ ಚರ್ಚೆಯಲ್ಲಿ ಮುಖ್ಯವಾದದ್ದು ಅದೇ. ಇಲ್ಲ ರಾಯರೇ, ವಿನಾಯಿತಿ ಇಲ್ಲ. ಸಕ್ಕರೆ ಸೊನ್ನೆ ಇರುವ ನಿಮ್ಮ ಕ್ಯಾನ್‌ಗೂ 40. ಗ್ಯಾಸ್ ಇಲ್ಲದ ಮಾವಿನ ಪ್ಯಾಕೆಟ್‌ಗೆ 12 ಇತ್ತು, ಈಗ 5. ಬಸಣ್ಣಾರೇ, ಅಂಗಡಿಯಲ್ಲೇ ಇದ್ದರೆ ಎರಡರ ಹಿಂದೆ ಬರೆದದ್ದು ಸ್ವಲ್ಪ ಓದಿ ಹೇಳಿ.

ಧಾರವಾಡದ ಮಳೆ
"ಸಿಕ್ಕಿಬೀಳುತ್ತಿದ್ದಿರಿ" ಅಂದರೆ? ಪೇಡಾ ತಿನ್ನೋದು ಕಳ್ಳತನವಾ? ಜಿಐ ಟ್ಯಾಗ್ ಇರೋ ಪದಾರ್ಥ ಅದು. ಮಾತು ಹಿಡಿತದಲ್ಲಿರಲಿ.

ಹಾವೇರಿ ಖಾರ
ಜಿಐ ಟ್ಯಾಗ್ ಇದ್ದರೆ ಕ್ಯಾಲರಿ ಇರೋದಿಲ್ಲ ಅಂತ ಇವತ್ತು ಗೊತ್ತಾಯ್ತು. ಬ್ಯಾಡಗಿ ಮೆಣಸಿನಕಾಯಿಗೂ ಜಿಐ ಇದೆ, ಇನ್ನು ಮೇಲೆ ಖಾರ ಹತ್ತೋದಿಲ್ಲ ಬಿಡಿ.

ಕಿರಾಣಿ ಬಸಣ್ಣ, ಹುಬ್ಬಳ್ಳಿ
ಕನ್ನಡಕ ಹಾಕಿಕೊಂಡು ಓದಿದೆ. ಅಕ್ಷರ ಇರುವೆಯಷ್ಟು ಇದೆ. ಗ್ಯಾಸ್ ಬಾಟಲಿಯಲ್ಲಿ 100 ಎಂ.ಎಲ್.ಗೆ ಸಕ್ಕರೆ 10 ಗ್ರಾಂ ಚಿಲ್ಲರೆ. ಮಾವಿನದರಲ್ಲಿ 13. ನಿಜ, ಮಾವಿನದೇ ಜಾಸ್ತಿ. ಆದರೆ ತಾಯಂದಿರು ಹಣ್ಣಿನದು ಅಂತ ಮಕ್ಕಳಿಗೆ ಅದನ್ನೇ ಕೊಡಿಸುತ್ತಾರೆ. ನಾನೂ ಮೊಮ್ಮಗಳಿಗೆ ಅದನ್ನೇ ಕೊಡ್ತೀನಿ.

ಇನ್ನೊಂದು ಮಾತು. 12ರಿಂದ 5 ಆದರೂ ನನ್ನ ಹತ್ತಿರ ಆ ಪ್ಯಾಕೆಟ್ ಹತ್ತು ರೂಪಾಯಿಯೇ ಇದೆ.

ಲೆಕ್ಕದ ಅಕ್ಕ
ಹತ್ತರಲ್ಲಿ ವ್ಯತ್ಯಾಸ ಸುಮಾರು 60 ಪೈಸೆ. ಅದನ್ನು ಗಿರಾಕಿಗೆ ಯಾವ ನಾಣ್ಯದಲ್ಲಿ ವಾಪಸ್ ಕೊಡ್ತೀರಿ? ಹತ್ತು, ಇಪ್ಪತ್ತರ ನೋಟಿಗೆ ಕಟ್ಟಿದ ಬೆಲೆಗಳಿವು. ತೆರಿಗೆ ಸ್ವಲ್ಪ ಆಚೀಚೆ ಆದರೆ ಬೆಲೆ ಅಲುಗಾಡೋದಿಲ್ಲ. ಒಳಗಿನ ಎಂ.ಎಲ್. ಏರಿಳಿಯುತ್ತದೆ, ಇಲ್ಲ ಕಂಪನಿಯ ಲಾಭ ಏರಿಳಿಯುತ್ತದೆ. ಗಿರಾಕಿಗೆ ತೆರಿಗೆ ಕಾಣೋದೇ ಇಲ್ಲ. ಕಾಣದ್ದಕ್ಕೆ ಯಾರು ಮನಸ್ಸು ಬದಲಿಸುತ್ತಾರೆ?

ಧಾರವಾಡದ ಮಳೆ
ನೀವೇ ಒಪ್ಪಿಕೊಂಡಿರಿ. "ಯಾರು ಮನಸ್ಸು ಬದಲಿಸುತ್ತಾರೆ." ಮತ್ತೆ ತೆರಿಗೆ ಯಾಕೆ? ಡೆನ್ಮಾರ್ಕ್‌ನವರು 2011ರ ಅಕ್ಟೋಬರ್‌ನಲ್ಲಿ ಬೆಣ್ಣೆ, ಚೀಸ್ ಕೊಬ್ಬಿನ ಮೇಲೆ ತೆರಿಗೆ ಹಾಕಿ 15 ತಿಂಗಳಿಗೆ ಕೈ ಎತ್ತಿದರು. ಜನ ಗಡಿ ದಾಟಿ ಜರ್ಮನಿಯಿಂದ ತಂದರು. ಇದನ್ನು ಮಾತ್ರ ನೀವು ಹೇಳೋದಿಲ್ಲ.

ಲೆಕ್ಕದ ಅಕ್ಕ
ಹೇಳ್ತೀನಿ. ಗೋವಾದಿಂದ ಬಾಟಲಿ ತರುವವರ ಊರಲ್ಲಿ ಗಡಿಯ ವಿಷಯ ಹೊಸದೇನಲ್ಲ. ನೀವು ಹೇಳದೇ ಬಿಟ್ಟದ್ದು ಬ್ರಿಟನ್. 2018ರ ಏಪ್ರಿಲ್‌ನಿಂದ ಅಲ್ಲಿ ಮೆಟ್ಟಿಲು ತೆರಿಗೆ. 100 ಎಂ.ಎಲ್.ನಲ್ಲಿ ಸಕ್ಕರೆ 5 ಗ್ರಾಂಗಿಂತ ಕೆಳಗಿದ್ದರೆ ತೆರಿಗೆ ಸೊನ್ನೆ. 5 ಮುಟ್ಟಿದರೆ ಶುರುವಿನಲ್ಲಿ ಲೀಟರಿಗೆ 18 ಪೆನ್ಸ್, 8 ಮುಟ್ಟಿದರೆ 24 ಇತ್ತು. ಇದನ್ನು 2016ರಲ್ಲೇ ಘೋಷಿಸಿ ಕಂಪನಿಗಳಿಗೆ ಎರಡು ವರ್ಷ ಟೈಮ್ ಕೊಟ್ಟರು. ತೆರಿಗೆ ಶುರು ಆಗುವ ಮೊದಲೇ ಬಹಳ ಕಂಪನಿಗಳು ಸಕ್ಕರೆ ಇಳಿಸಿ 5ರ ಕೆಳಗೆ ಬಂದು ಕೂತವು. ಒಂದು ವರ್ಷದ ನಂತರ ಅಳೆದು ನೋಡಿದರು. ಮನೆಗಳು ಕೊಂಡ ಲೀಟರ್ ಬದಲಾಗಿಲ್ಲ. ಆದರೆ ಆ ಪಾನೀಯದಿಂದ ಮನೆಗೆ ಬರುತ್ತಿದ್ದ ಸಕ್ಕರೆ ವಾರಕ್ಕೆ 30 ಗ್ರಾಂ, ಅಂದರೆ ಸುಮಾರು ಹತ್ತು ಪರ್ಸೆಂಟ್ ಇಳಿದಿತ್ತು.

ಗಿರಾಕಿ ಬದಲಾಗಲಿಲ್ಲ, ಬಾಟಲಿ ಬದಲಾಯಿತು. ನಮ್ಮಲ್ಲಿ 10 ಗ್ರಾಂ ಇದ್ದದ್ದನ್ನು 4 ಮಾಡಿದರೂ ಅದೇ 40. ಕಂಪನಿ ಯಾಕೆ ತಲೆ ಕೆಡಿಸಿಕೊಳ್ಳುತ್ತದೆ?

ಹಾವೇರಿ ಖಾರ
ಸಕ್ಕರೆ ತೆಗೆದು ಏನು ಹಾಕಿದರು? ಕೆಮಿಕಲ್ ಸಿಹಿ. ಅದಕ್ಕಿಂತ ಪೇಡಾ ವಾಸಿ. (ನಾನು ಇದನ್ನು ಹೇಳಿದೆ ಅಂತ ಯಾರೂ ಸ್ಕ್ರೀನ್‌ಶಾಟ್ ತೆಗೆಯಬೇಡಿ.)

ಧಾರವಾಡದ ಮಳೆ
ತೆಗೆದೆ.

ಲೆಕ್ಕದ ಅಕ್ಕ
ಆ ಸಿಹಿಯ ಪ್ರಶ್ನೆ ಸರಿಯಾದದ್ದೇ. ಮೆಟ್ಟಿಲು ತೆರಿಗೆಯವರು ಅದಕ್ಕೆ ಉತ್ತರ ಕೊಟ್ಟಿಲ್ಲ. ಸಕ್ಕರೆ ಎಣಿಸಿದರು, ಅದರ ಬದಲು ಹಾಕಿದ್ದನ್ನು ಎಣಿಸಲಿಲ್ಲ.

ಧಾರವಾಡದ ಮಳೆ
ಮೆಟ್ಟಿಲು ಇಲ್ಲಿ ನಡೆಯೋದಿಲ್ಲ. ಬಾಟಲಿಗೆ ಲೇಬಲ್ ಇದೆ, ಸರಿ. ಲೈನ್ ಬಜಾರ್‌ನಲ್ಲಿ ತೂಗಿ ಕೊಡುವ ಕಾಲು ಕೆಜಿ ಪೇಡಾಕ್ಕೆ ಎಲ್ಲಿದೆ ಲೇಬಲ್? ಕಬ್ಬಿನ ಹಾಲಿಗೆ? ಪ್ರತಿ ಗಾಡಿಗೂ ಒಬ್ಬ ಇನ್ಸ್‌ಪೆಕ್ಟರ್ ಇಡ್ತೀರಾ?

ಲೆಕ್ಕದ ಅಕ್ಕ
ಪೇಡಾ ಬಿಟ್ಟು ನಿಮಗೆ ಬೇರೆ ಮಾತೇ ಇಲ್ಲ. ಬಿಡಿ ಮಾಲಿಗೆ ಮೆಟ್ಟಿಲು ಆಗೋದಿಲ್ಲ, ಸರಿ. ಅದಕ್ಕೇ ಕಾರ್ಖಾನೆಯ ಬಾಟಲಿಗೆ ಮಾತ್ರ ಹಾಕೋದು.

ಧಾರವಾಡದ ಮಳೆ
"ಸರಿ." ಇಷ್ಟು ಸಾಕು ನನಗೆ.

ಗದಗದ ಅಪ್ಪ
ನಾನು ಕೇಳಿದ್ದು ಮಗನ ಬಾಟಲಿ ಬಗ್ಗೆ. ನೀವೆಲ್ಲ ಪೇಡಾ ಅಂಗಡಿ ಮುಂದೆ ನಿಂತಿದ್ದೀರಿ. ಬಸಣ್ಣಾ, ಒಂದು ಪ್ರಶ್ನೆ. ಹತ್ತರ ಬಾಟಲಿ ಹದಿನೈದು ಆದರೆ ಹುಡುಗರು ಬಿಡ್ತಾರಾ?

ಕಿರಾಣಿ ಬಸಣ್ಣ, ಹುಬ್ಬಳ್ಳಿ
ಹತ್ತರ ನೋಟು ಹಿಡಿದು ಬರುವ ಹುಡುಗ ಹದಿನೈದರದನ್ನು ಒಯ್ಯೋದಿಲ್ಲ. ಅದು ನಿಜ. ಆದರೆ ಬರಿಗೈಲಿ ಮನೆಗೂ ಹೋಗೋದಿಲ್ಲ. ಪಕ್ಕದಲ್ಲಿರೋ ಮಾವಿನ ಪ್ಯಾಕೆಟ್ ಎತ್ತಿಕೊಳ್ತಾನೆ.

ರಾಣೆಬೆನ್ನೂರು ರಾಯರು
ಬಸಣ್ಣಾರೇ, ನಿಮ್ಮಲ್ಲಿ ಡಯಟ್ ಕ್ಯಾನ್ ಸಿಗುತ್ತದಾ? ಹುಬ್ಬಳ್ಳಿಗೆ ಸೋಮವಾರ ಬರ್ತೀನಿ.

ಕಿರಾಣಿ ಬಸಣ್ಣ, ಹುಬ್ಬಳ್ಳಿ
ಇಡೋದಿಲ್ಲ ರಾಯರೇ. ಹೋದ ಬೇಸಿಗೆಯಲ್ಲಿ ಒಂದು ಟ್ರೇ ತರಿಸಿದ್ದೆ, ಅರ್ಧ ಡೇಟ್ ಮುಗಿದು ಹೋಯ್ತು. ನಾಳೆ ಗಾಡಿ ಬರುತ್ತದೆ. ಹತ್ತರ ಬಾಟಲಿ ಎರಡು ಕೇಸ್ ಹೇಳಿದ್ದೇನೆ.

ಲೆಕ್ಕದ ಅಕ್ಕ
ಮಾವಿನದು?

ಕಿರಾಣಿ ಬಸಣ್ಣ, ಹುಬ್ಬಳ್ಳಿ
ಮೂರು.