ಟ್ಯಾಂಕ್ ಸ್ಟ್ಯಾಂಡ್ ಪಿಡಿಎಫ್: ಸ್ವೇ 25 ಮಿಮೀನೋ 36 ಮಿಮೀನೋ

(ಸಿವಿಲ್ ಬ್ಯಾಚ್ ವಾಟ್ಸಾಪ್ ಗುಂಪು)

*ನವೀನ:* 📎 ಟ್ಯಾಂಕ್ ಸ್ಟ್ಯಾಂಡ್ ಕ್ಯಾಲ್ಕ್ಯುಲೇಶನ್
ಯಾರಾದ್ರೂ ಸ್ವಲ್ಪ ನೋಡ್ರೋ. ಫ್ಯಾಕ್ಟರಿ ಕಾಂಪೌಂಡ್ ಒಳಗೆ ಟ್ಯಾಂಕ್ ಸ್ಟ್ಯಾಂಡ್, ಎರಡು ಕಾಲಿನ ಪೋರ್ಟಲ್, 5 ಮೀಟರ್ ಎತ್ತರ 6 ಮೀಟರ್ ಅಗಲ. ಕಾಲಂ ISMB 350, ಬೀಮ್ ISMB 600, ಬೇಸ್ ಪಿನ್ನು. ಕೆಳಗೆ ಲಾರಿ ಹೋಗ್ಬೇಕು ಅದಕ್ಕೆ ಆ ದಿಕ್ಕಲ್ಲಿ ಬ್ರೇಸಿಂಗ್ ಇಲ್ಲ, ಇನ್ನೊಂದು ದಿಕ್ಕಲ್ಲಿ ಇದೆ. ಎಲ್ಲಾ ಪಾಸ್ ಆಗಿದೆ, ಆದ್ರೂ ಚೆಕ್ ಮಾಡೋ ಪುಣ್ಯಾತ್ಮ ಪಿ-ಡೆಲ್ಟಾ ಮಾಡಿಲ್ಲ ಅಂತ ವಾಪಸ್ ಕಳ್ಸಿದಾನೆ

*ರಘು:* ಒಂದು ಮಹಡಿ ಸ್ಟ್ಯಾಂಡಿಗೆ ಪಿ-ಡೆಲ್ಟಾನಾ 😂 ಅದು ನಲವತ್ತು ಮಹಡಿ ಟವರ್‌ಗಳಿಗೆ ಕಣೋ

*ಶೈಲಜಾ:* ಎತ್ತರಕ್ಕೂ ಅದಕ್ಕೂ ಏನು ಸಂಬಂಧ ರಘು? ತಲೆ ಮೇಲೆ ಎಷ್ಟು ಭಾರ ಇದೆ, ಅಡ್ಡ ತಳ್ಳಿದ್ರೆ ಫ್ರೇಮ್ ಎಷ್ಟು ಬಿಗಿಯಾಗಿ ನಿಲ್ಲುತ್ತೆ, ಇವೆರಡರ ಲೆಕ್ಕ ಅದು. ನವೀನ, ಲೋಡ್ ಎಷ್ಟು?

*ನವೀನ:* ಫ್ಯಾಕ್ಟರ್ಡ್ ಲೋಡ್ ಒಂದು ಫ್ರೇಮಿಗೆ 1600 ಕಿಲೋನ್ಯೂಟನ್, ಟ್ಯಾಂಕ್ ಕಾಲು ನೇರ ಕಾಲಂ ತಲೆ ಮೇಲೇ ಕೂರುತ್ತೆ, ಅಂದ್ರೆ ಕಾಲಂಗೆ 800. ಗಾಳಿ 30. ಸ್ವೇ 25 ಮಿಮೀ, ಕಾಲಂ ತಲೆಯಲ್ಲಿ ಮೊಮೆಂಟ್ 75. ಸ್ಟ್ರೆಸ್ ನೋಡು, ಆಕ್ಸಿಯಲ್ 120, ಬೆಂಡಿಂಗ್ 96, ಒಟ್ಟು 216. ಮಿತಿ 227. ಇನ್ನೇನು ಬೇಕು

*ಶೈಲಜಾ:* ಆ 75 ಬಂದಿದ್ದು ಎಲ್ಲಿಂದ? 30 ಗುಣಿಸು 5, ಅದರಲ್ಲಿ ಅರ್ಧ. ಫ್ರೇಮು ನೆಟ್ಟಗೇ ನಿಂತಿದೆ ಅಂದ್ಕೊಂಡು ಬರೆದ ಸಮತೋಲನ ಅದು, ಫಸ್ಟ್ ಆರ್ಡರ್ ಅಂದ್ರೆ ಅಷ್ಟೇ. ಆದ್ರೆ ನಿನ್ನ ಲೆಕ್ಕಾನೇ ಹೇಳ್ತಿದೆ ತಲೆ 25 ಮಿಮೀ ಪಕ್ಕಕ್ಕೆ ಹೋಗಿದೆ ಅಂತ, ಆ ತಲೆ ಮೇಲಿರೋ 1600 ಕೂಡ ಅದರ ಜೊತೆ ಹೋಗಿದೆ ತಾನೇ? ಆ ಭಾರ ಪಿ, ಸರಿದಿದ್ದು ಡೆಲ್ಟಾ: 1600 ಗುಣಿಸು 0.025 ಅಂದ್ರೆ 40 ಕಿಲೋನ್ಯೂಟನ್ ಮೀಟರ್ ಹೊಸ ಮೊಮೆಂಟ್. 5 ಮೀಟರ್ ಎತ್ತರದಿಂದ ಭಾಗಿಸಿದ್ರೆ 8 ಕಿಲೋನ್ಯೂಟನ್ ಅಡ್ಡ ಬಲ ಜಾಸ್ತಿ ಆದಂಗೆ. ಆ 8ಕ್ಕೆ ಫ್ರೇಮು ಇನ್ನೂ 6.7 ಮಿಮೀ ಹೋಗುತ್ತೆ, ಆ 6.7ಕ್ಕೆ ಮತ್ತೆ 2.1 ಕಿಲೋನ್ಯೂಟನ್, ಅದಕ್ಕೆ ಮತ್ತೆ 1.8 ಮಿಮೀ... ಪ್ರತಿ ಸುತ್ತಿಗೂ 0.267 ಪಟ್ಟು ಇಳೀತಾ ಹೋಗುತ್ತೆ, ಕೂಡಿಸಿದ್ರೆ 34 ಮಿಮೀಗೆ ನಿಲ್ಲುತ್ತೆ

*ಬಸು:* ಅದs ಜಿಯೋಮೆಟ್ರಿಕ್ ಸೀರೀಸ್ ನೋಡ್ರಿಪಾ, 1/(1−0.267) = 1.36. ಆ 0.267 ಒಂದಕ್ಕ ಹತ್ರ ಹೋದ್ರ ಕೂಡಿಸೋದು ಮುಗಿಯಂಗಿಲ್ಲ, ಫ್ರೇಮ್ ಮಕಾಡೆ ಬೀಳತದ. ಅದರ ತಲೆಕೆಳಗು 3.75, ಅಂದ್ರ ಭಾರ 3.75 ಪಟ್ಟು ಆದ್ರ ಬಕಲ್ ಆಗತದ ಅಂತ ಅರ್ಥ

*ಶೈಲಜಾ:* ಹೂಂ ಬಸು. ಯೂರೋಕೋಡ್ 3 ಪ್ರಕಾರ ಆ ನಂಬರ್ 10ಕ್ಕಿಂತ ಮೇಲಿದ್ರೆ ಫಸ್ಟ್ ಆರ್ಡರ್ ಸಾಕು, 3ರಿಂದ 10ರ ಒಳಗಿದ್ರೆ ಇಂಥ ಫ್ರೇಮಿಗೆ ಈ ಗುಣಕ ಹಾಕಿ ಮುಂದೆ ಹೋಗ್ಬಹುದು, 3ಕ್ಕಿಂತ ಕೆಳಗೆ ಪೂರ್ತಿ ಸೆಕೆಂಡ್ ಆರ್ಡರ್. ನಮ್ಮ IS 800 ಪ್ರಕಾರನೂ ನೋಡಿ: ಭಾರದ ಅರ್ಧ ಪರ್ಸೆಂಟ್ ನೋಷನಲ್ ಲೋಡ್, ಇಲ್ಲಿ 8 ಕಿಲೋನ್ಯೂಟನ್, ಅದಕ್ಕೆ 6.7 ಮಿಮೀ. ಕ್ಲ್ಯಾಡಿಂಗ್ ಇಲ್ಲದ ಫ್ರೇಮಿಗೆ ಮಿತಿ ಎತ್ತರದ 4000ರಲ್ಲಿ ಒಂದು ಭಾಗ, ಅಂದ್ರೆ 1.25. ಇದು ಸ್ವೇ ಫ್ರೇಮೇ, ಅನುಮಾನನೇ ಬೇಡ

*ನವೀನ:* ಲೇ ಎಲ್ಲರೂ ಸುಮ್ನಿರಿ. ನಾನೀಗ ಸ್ಟಾಡ್ ಸಾಫ್ಟ್‌ವೇರ್‌ನಲ್ಲಿ `PDELTA ANALYSIS` ಹಾಕಿ ರನ್ ಮಾಡ್ದೆ. ಸ್ವೇ 25. ಮೊದಲೂ 25 ಈಗಲೂ 25. ಎಫೆಕ್ಟೇ ಇಲ್ಲ, ಮುಗೀತು 😎

*ರಘು:* 👏👏

*ಬಸು:* ತಡಿ ತಡಿ. ಒಂದು ಮಿಮೀನೂ ಬದಲಾಗ್ಲಿಲ್ಲಾ? ಅದs ಡೌಟು. ಕಾಂಬಿನೇಶನ್ ಹೆಂಗ ಕೊಟ್ಟೀ?

*ನವೀನ:* ಯಾವಾಗ್ಲೂ ಕೊಡೋ ಥರ, `LOAD COMB`

*ಬಸು:* ಸಿಕ್ತು ನೋಡು. `LOAD COMB` ಅಂದ್ರ ಸ್ಟಾಡು ಒಂದೊಂದು ಕೇಸ್ ಬೇರೆ ಬೇರೆ ಬಿಡಿಸಿ ಆಮೇಲೆ ಉತ್ತರ ಅಷ್ಟs ಕೂಡಸ್ತದ. ಗಾಳಿ ಕೇಸ್‌ನಾಗ ಫ್ರೇಮ್ ಸರೀತದ ಆದ್ರ ಟ್ಯಾಂಕ್ ಭಾರ ಇಲ್ಲ, ಟ್ಯಾಂಕ್ ಕೇಸ್‌ನಾಗ ಭಾರ ಅದ ಆದ್ರ ಫ್ರೇಮ್ ಸರಿಯಂಗಿಲ್ಲ. ಪಿ ಒಂದು ಕಡೆ, ಡೆಲ್ಟಾ ಒಂದು ಕಡೆ, ಇಬ್ಬರೂ ಭೇಟಿನೇ ಆಗಿಲ್ಲ. ಸೆಕೆಂಡ್ ಆರ್ಡರ್‌ನಾಗ ಸೂಪರ್‌ಪೊಸಿಷನ್ ನಡಿಯಂಗಿಲ್ಲ, ಎಲ್ಲಾ ಲೋಡ್ ಒಂದs ಕೇಸ್‌ನಾಗ ಒಟ್ಟಿಗೆ ಇರಬೇಕು. ಹಿಂಗ ಕೊಡು:

```
LOAD 11 DL + TANK + WIND
REPEAT LOAD
1 1.2 2 1.2 3 1.2
PDELTA 20 ANALYSIS
```

ಮತ್ತ ಕಾಲಂ ಒಂದs ತುಂಡು ಇಡಬ್ಯಾಡ, ನಾಲ್ಕು ತುಂಡು ಮಾಡು. ಕಾಲಂ ತನ್ನೊಳಗೇ ಬಾಗೋದೂ ಲೆಕ್ಕಕ್ಕ ಬರಬೇಕು, ಶೈಲಾನ ಕೈಲೆಕ್ಕದಾಗ ಅದು ಇಲ್ಲ

*ರಘು:* ಇಷ್ಟೆಲ್ಲ ಯಾಕ್ರಯ್ಯಾ? ಪಿನ್ ಬೇಸ್, ಸ್ವೇ ಇದೆ, ಎಫೆಕ್ಟಿವ್ ಲೆಂತ್ ಕೆ = 2 ಹಾಕಿ ಕಾಲಂ ಚೆಕ್ ಮಾಡ್ಲಿ ಸಾಕು. ಪಿ-ಡೆಲ್ಟಾದಲ್ಲಿ ಬರೋದೂ ಅದೇ ತಾನೇ, ಎರಡೂ ಹಾಕಿದ್ರೆ ಡಬಲ್ ಕೌಂಟಿಂಗ್

*ಶೈಲಜಾ:* ಈ ಮಾತಲ್ಲಿ ಅರ್ಧ ಸತ್ಯ ಇದೆ. ಮೊದಲು ನವೀನ ಹೇಳ್ಲಿ ಕೆ ಎಷ್ಟು ಕೊಟ್ಟಿದೀಯ ಅಂತ

*ನವೀನ:* ...ಡಿಫಾಲ್ಟ್. 1

*ಶೈಲಜಾ:* ಅಂದ್ರೆ ಕೆ ಕೂಡ ಇಲ್ಲ ಪಿ-ಡೆಲ್ಟಾನೂ ಇಲ್ಲ, ಎರಡೂ ಬಾಗಿಲು ತೆಗೆದಿಟ್ಟಿದೀಯ. ಸರಿ ರಘು, ಕೆ = 2 ಹಾಕಿದ್ವಿ ಅಂತ ಇಟ್ಕೋ. ಅದು ಏನು ಮಾಡುತ್ತೆ? ಕಾಲಂನ ಆಕ್ಸಿಯಲ್ ಕೆಪ್ಯಾಸಿಟಿ ಇಳಿಸುತ್ತೆ, ಕಾಲಂ ಫೇಲ್ ಅನ್ನುತ್ತೆ, ದಪ್ಪ ಮಾಡ್ತೀವಿ, ಒಳ್ಳೇದೇ. ಆದ್ರೆ ಆ ಹೆಚ್ಚಿನ ಮೊಮೆಂಟು ಕಾಲಂ ತಲೆಯಲ್ಲೇ ಆವಿಯಾಗಲ್ಲ, ಬೀಮ್ ತುದಿಗೆ ಹೋಗ್ಬೇಕು, ಮಧ್ಯೆ ಇರೋ ಎಂಡ್ ಪ್ಲೇಟು ಬೋಲ್ಟು ದಾಟಿ ಹೋಗ್ಬೇಕು. ನಿನ್ನ ಫಸ್ಟ್ ಆರ್ಡರ್ ಶೀಟಲ್ಲಿ ಆ ಬೋಲ್ಟಿಗೆ ಇನ್ನೂ 75 ಅಂತಾನೇ ಇರುತ್ತೆ. ಕೆ ಕಾಲಂಗಷ್ಟೇ ಗೊತ್ತು, ಜಾಯಿಂಟಿಗೆ ಗೊತ್ತಿಲ್ಲ. ಡಬಲ್ ಕೌಂಟಿಂಗ್ ಅಂದ್ಯಲ್ಲ, ಅದಕ್ಕೇ ಸ್ವೇ ಮೊಮೆಂಟನ್ನ ಸರಿಯಾಗಿ ಆಂಪ್ಲಿಫೈ ಮಾಡಿದ್ಮೇಲೆ ಯೂರೋಕೋಡಲ್ಲಿ ಮೆಂಬರ್ ಚೆಕ್ಕಿಗೆ ನಾನ್-ಸ್ವೇ ಲೆಂತ್ ತಗೊಳ್ಳೋಕೆ ಬಿಡೋದು

*ರಘು:* ಜಾಯಿಂಟ್ ವಿಷಯ ಒಪ್ಪಿದೆ. ಆದ್ರೆ ಟವರ್‌ಗಳಿಗೆ ಅನ್ನೋದು ನಾನು ಬಿಡಲ್ಲ 😏

*ಶೈಲಜಾ:* ಚೆನ್ನಾಗಿ ಕೋರ್ ವಾಲ್ ಇರೋ ಟವರಲ್ಲಿ ಈ ಗುಣಕ ಇದಕ್ಕಿಂತ ಕಮ್ಮಿ ಬರಬಹುದು ಗೊತ್ತಾ. ಗೋದಾಮಿನ ರ‍್ಯಾಕು, ಟ್ಯಾಂಕ್ ಸ್ಟ್ಯಾಂಡು, ಹಾಪರ್ ಫ್ರೇಮು, ಇವೇ ನಿಜವಾದ ಗಿರಾಕಿಗಳು. ಸಣ್ಣ ಕಾಲು, ದೊಡ್ಡ ತಲೆ

*ನವೀನ:* ರನ್ ಆಯ್ತು. ಸ್ವೇ 36. ಮೊಮೆಂಟ್ 104

*ಬಸು:* ನೋಡು. ಕೈಲೆಕ್ಕ 34 ಮತ್ತ 102, ಕಾಲಂ ಬಾಗಿದ್ದು ಸೇರಿ 36 ಮತ್ತ 104. ಬಕ್ಲಿಂಗ್ ರನ್ ಮಾಡಿದ್ರ ಆ 3.75 ಕೂಡ ಸುಮಾರು 3.2ಕ್ಕ ಇಳೀತದ, ಇಂಥ ಫ್ರೇಮಿಗೆ ಸೂತ್ರ ಸ್ವಲ್ಪ ಉದಾರಿ. 3ರ ಗಡಿ ಮ್ಯಾಲೇ ಕುಂತದ ನಿನ್ನ ಫ್ರೇಮು

*ನವೀನ:* ಬೆಂಡಿಂಗ್ 134 ಆಯ್ತು, ಒಟ್ಟು 254. ಬರೀ ಸ್ಟ್ರೆಸ್ ಕೂಡಿಸಿದ್ರೇ ಯೀಲ್ಡ್ 250 ದಾಟ್ತು 🤦 ಬೇಸ್ ಫಿಕ್ಸ್ ಮಾಡ್ಬಿಡ್ಲಾ? ಸ್ವೇ ಕಾಲುಭಾಗಕ್ಕೆ ಬರುತ್ತಲ್ವಾ

*ಶೈಲಜಾ:* ಲೆಕ್ಕದಲ್ಲಿ ಬರುತ್ತೆ. ಫುಟಿಂಗ್ ಹಾಕಿ ಆಗಿದ್ಯಾ?

*ನವೀನ:* ಆಗಿದೆ. ಎರಡೇ ಬೋಲ್ಟು

*ಶೈಲಜಾ:* ಹಾಗಾದ್ರೆ ಅದು ಪಿನ್ನೇ. ಮಾಡೆಲಲ್ಲಿ ಫಿಕ್ಸ್ ಅಂತ ಒತ್ತಿದ್ರೆ ಕಾಂಕ್ರೀಟ್ ಕೇಳಲ್ಲ. ಕಾಲಂ ISMB 450 ಮಾಡಿ ನೋಡು, ಸ್ವೇ ಸುಮಾರು 12ಕ್ಕೆ ಬರುತ್ತೆ, ಆ ನಂಬರ್ 7.6, ಗುಣಕ 1.15, ಮೊಮೆಂಟ್ 86ರ ಆಸುಪಾಸು. ಸ್ಟ್ರೆಸ್ಸು 151. ಬೋಲ್ಟ್ ಡಿಸೈನನ್ನೂ 75 ತೆಗೆದು ಹೊಸ ಮೊಮೆಂಟಿಗೇ ಮಾಡು

*ರಘು:* ಸ್ಟೀಲ್ ತೂಕ ಜಾಸ್ತಿ ಆಗುತ್ತಲ್ಲೋ, ಕ್ಲೈಂಟ್ ಬಾಯಿ ಬಡ್ಕೊಳ್ಳಲ್ವಾ

*ನವೀನ:* ಮೀಟರಿಗೆ 52 ಕೆಜಿ ಇದ್ದಿದ್ದು 72 ಆಗುತ್ತೆ, ನಾಲ್ಕು ಕಾಲಂಗೆ 400 ಕೆಜಿ. ಬಡ್ಕೊಳ್ಳಲಿ. ಇವತ್ತು ರಾತ್ರಿ ರಿವಿಷನ್ ಕಳಿಸ್ತೀನಿ, ಬಸು ಆ ಇನ್‌ಪುಟ್ ಫೈಲ್ ಒಂದ್ಸಲ ನೋಡು ಗುರು