ಪದಚರ್ಚೆ: ತೊಟ್ಟಿಯ ಉಪ್ಪು 30ನ್ನು ‘ತಲುಪುತ್ತದೆ’ ಅನ್ನಬಹುದೇ?

ಅಂಕಿಲೆಕ್ಕ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಮಕ್ಕಳಿಗೆ ಅವಕಲ ಸಮೀಕರಣದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ವಾಕ್ಯದ ಹತ್ತಿರ ಪೆನ್ನು ನಿಂತಿದೆ.

ಲೆಕ್ಕ ಮಾಮೂಲಿಯದು. ತೊಟ್ಟಿಯಲ್ಲಿ 1000 ಲೀಟರ್ ಸಿಹಿನೀರಿದೆ. ಲೀಟರಿಗೆ 30 ಗ್ರಾಂ ಉಪ್ಪಿರುವ ನೀರು ನಿಮಿಷಕ್ಕೆ 20 ಲೀಟರಿನಂತೆ ಒಳಗೆ ಬರುತ್ತದೆ. ಕಲಕಿದ ನೀರು ಅಷ್ಟೇ ವೇಗದಲ್ಲಿ ಹೊರಗೆ ಹೋಗುತ್ತದೆ. ಒಳಗಿರುವ ಉಪ್ಪು S ಗ್ರಾಂ ಎಂದುಕೊಂಡರೆ ನಿಮಿಷಕ್ಕೆ 600 ಗ್ರಾಂ ಬರುತ್ತದೆ, S/50 ಗ್ರಾಂ ಹೋಗುತ್ತದೆ. ಹಾಗಾಗಿ S′ = 600 − S/50. ಬಿಡಿಸಿ 1000ದಿಂದ ಭಾಗಿಸಿದರೆ ಸಾರತೆ c(t) = 30(1 − e^(−t/50)).

ನಾನು ಬರೆದ ವಾಕ್ಯ: “ಕಾಲ ಕಳೆದಂತೆ ಸಾರತೆಯು 30ರ ಮಿತಿಯನ್ನು ತಲುಪಿ ಸ್ಥಿರವಾಗುತ್ತದೆ.” ಇದರಲ್ಲಿ ‘ಮಿತಿ’, ‘ತಲುಪಿ’, ‘ಸ್ಥಿರ’ ಮೂರರ ಮೇಲೂ ನನಗೆ ಅನುಮಾನ. ಬಲ್ಲವರು ಹೇಳಿ.

ಸಂಜೆಗೆಂಪು:

ಮೇಡಂ, ಇದಕ್ಕೆ ಹೊಸ ಪದ ಹುಡುಕುವುದೇ ಬೇಡ. ನೀರು ಇನ್ನು ಉಪ್ಪನ್ನು ಕರಗಿಸಲಾರದು ಅನ್ನುವ ಹಂತಕ್ಕೆ ಹೈಸ್ಕೂಲಿನಲ್ಲೇ ‘ಪರ್ಯಾಪ್ತ ದ್ರಾವಣ’ ಎಂದು ಕಲಿತಿದ್ದೇವೆ. ಆದರೆ ನಿಮ್ಮ ಅಂಕಿ ನೋಡಿಕೊಳ್ಳಿ. ಕೋಣೆಯ ಉಷ್ಣತೆಯಲ್ಲಿ 100 ಗ್ರಾಂ ನೀರಿಗೆ ಸುಮಾರು 36 ಗ್ರಾಂ ಉಪ್ಪು ಹಿಡಿಯುತ್ತದೆ. ಲೀಟರಿಗೆ 30 ಗ್ರಾಂ ಎಂದರೆ ತೀರಾ ಕಡಿಮೆಯಾಯಿತಲ್ಲ?

ಅಂಕಿಲೆಕ್ಕ:

ಸರ್, ನೀವು ಹೇಳುವುದು ನೀರಿನ ಶಕ್ತಿಯ ಮಾತು. ನನ್ನ 30 ಬಂದಿರುವುದು ಕೊಳಾಯಿಯಿಂದ. ಒಳಬರುವ ನೀರಿನಲ್ಲಿ ಲೀಟರಿಗೆ 12 ಗ್ರಾಂ ಇದ್ದಿದ್ದರೆ ತೊಟ್ಟಿಯೂ 12ರ ಕಡೆಗೇ ಹೋಗುತ್ತಿತ್ತು. ಉಪ್ಪು ಕರಗದೆ ಉಳಿಯುವ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ.

ಕಡತವಿಲೇವಾರಿ:

‘ಮಿತಿ’ಯನ್ನು ಮುಟ್ಟಬೇಡಿ, ಸರಿಯಾಗಿದೆ. ವಯೋಮಿತಿ, ವೇಗಮಿತಿ, ಮಿತಿ ಮೀರಿದ ಮಾತು ಎಲ್ಲದರಲ್ಲೂ ದಾಟಬಾರದ ಗೆರೆ ಎಂಬ ಅರ್ಥವೇ ಇದೆ. ನಿಮ್ಮ ಸೂತ್ರವೂ ಅದನ್ನೇ ಹೇಳುತ್ತಿದೆ. e^(−t/50) ಎಂದೂ ಸೊನ್ನೆಯಾಗದು, ಆದ್ದರಿಂದ ಆವರಣದೊಳಗಿನದು ಎಂದೂ 1 ಆಗದು, ತೊಟ್ಟಿ 30ನ್ನು ದಾಟದು. ಬೇಕಿದ್ದರೆ ‘ಗರಿಷ್ಠ ಮಿತಿ’ ಎಂದು ಬರೆದು ಇನ್ನೂ ಬಿಗಿ ಮಾಡಿ. ತಪ್ಪಿರುವುದು ‘ತಲುಪಿ’ಯಲ್ಲಿ. ಎಂದೂ ಮುಟ್ಟದ ಊರನ್ನು ತಲುಪಿದೆ ಎನ್ನುವುದು ಹೇಗೆ?

ಹಳೇಮೇಷ್ಟ್ರು:

‘ತಲುಪಿ’ಯ ವಿಷಯದಲ್ಲಿ ನಿಮ್ಮ ಮಾತಿಗೆ ಅರ್ಧ ಒಪ್ಪಿಗೆ, ‘ಗರಿಷ್ಠ’ಕ್ಕೆ ಒಪ್ಪಿಗೆಯೇ ಇಲ್ಲ. ಅದೇ ತೊಟ್ಟಿಯಲ್ಲಿ ಮೊದಲೇ ಲೀಟರಿಗೆ 50 ಗ್ರಾಂ ಉಪ್ಪಿತ್ತು ಅನ್ನಿ. ಕೊಳಾಯಿ ಅದೇ, ವೇಗವೂ ಅದೇ. ಆಗ c(t) = 30 + 20e^(−t/50). ಸಾರತೆ 50ರಿಂದ ಇಳಿಯುತ್ತಾ ಇಳಿಯುತ್ತಾ 30ರ ಹತ್ತಿರಕ್ಕೆ ಬರುತ್ತದೆ. ಅಲ್ಲಿ 30 ನೆಲವೇ ಹೊರತು ಚಾವಣಿಯಲ್ಲ. ದಿನಬಳಕೆಯ ‘ಮಿತಿ’ಗೆ ಮೀರಬಾರದೆಂಬ ಬಣ್ಣ ಇದೆ, ಗಣಿತದ ‘ಮಿತಿ’ಗೆ ಇಲ್ಲ. ಪದ ಬಿಡಬೇಕಿಲ್ಲ, ಈ 50ರ ಉದಾಹರಣೆಯನ್ನೂ ಪಕ್ಕದಲ್ಲಿಟ್ಟರೆ ಮಕ್ಕಳು ಎಡವುವುದಿಲ್ಲ.

ಎರಡನ್ನೂ ಸೇರಿಸಿ ಬರೆದರೆ c(t) = 30 + (c₀ − 30)e^(−t/50). ಆರಂಭದ c₀ ಎಲ್ಲಿ ಕೂತಿದೆ ನೋಡಿ: e ಇರುವ ಪದದ ಜೊತೆಗೆ ಮಾತ್ರ. t ಬೆಳೆದಂತೆ ಆ ಪದ ಕರಗುತ್ತದೆ, ಅದರ ಜೊತೆ c₀ ಕೂಡ ಹೋಗುತ್ತದೆ. ಸಿಹಿನೀರಿನಿಂದ ಹೊರಟಿತೋ ಉಪ್ಪುನೀರಿನಿಂದ ಹೊರಟಿತೋ ಎಂಬುದರ ಗುರುತು ತೊಟ್ಟಿಯಲ್ಲಿ ಉಳಿಯುವುದಿಲ್ಲ.

ಸಮೀಕರಣ ಬಿಡಿಸದೆಯೇ 30 ಸಿಗುತ್ತದಲ್ಲ ಎಂದು ಜಾಣ ಹುಡುಗರು ಕೇಳುತ್ತಾರೆ. ಸಿಗುತ್ತದೆ. S′ = 0 ಇಟ್ಟರೆ 600 = S/50, S = 30000 ಗ್ರಾಂ. ಆದರೆ ಅದು ತೊಟ್ಟಿ ಎಲ್ಲಿ ನಿಲ್ಲಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ಅಲ್ಲಿಗೆ ಹೋಗಿಯೇ ಹೋಗುತ್ತದೆ ಎಂದು ಹೇಳುವುದು ಘಾತದಲ್ಲಿರುವ ಋಣಚಿಹ್ನೆ. ಅಲ್ಲಿ ಧನಚಿಹ್ನೆ ಇದ್ದಿದ್ದರೆ 30ರಲ್ಲಿ ಕರಾರುವಾಕ್ಕಾಗಿ ಶುರುವಾದದ್ದು ಅಲ್ಲೇ ಇರುತ್ತಿತ್ತು, ಕೂದಲೆಳೆ ಆಚೀಚೆಯಾದದ್ದು ಓಡಿಹೋಗುತ್ತಿತ್ತು. ಮಿತಿ ತೆಗೆದುಕೊಳ್ಳುವ ಕಷ್ಟ ಪಡುವುದು ಇದಕ್ಕಾಗಿಯೇ.

ಇನ್ನು ‘ತಲುಪು’. ಸಿಹಿನೀರಿನ ತೊಟ್ಟಿಗೆ 50 ನಿಮಿಷದಲ್ಲಿ ಸಾರತೆ ಸುಮಾರು 19. ನೂರನೇ ನಿಮಿಷಕ್ಕೆ 26ರ ಸಮೀಪ, 150ಕ್ಕೆ 28.5. ಪ್ರತಿ 50 ನಿಮಿಷಕ್ಕೂ ಉಳಿದ ಅಂತರ ಮೊದಲಿನ ಶೇ. 37ಕ್ಕೆ ಇಳಿಯುತ್ತದೆ, ಮುಗಿಯುವುದು ಮಾತ್ರ ಇಲ್ಲ. ಆದರೆ ನಿಮ್ಮ ಮೀಟರು 0.1 ಗ್ರಾಮಿಗಿಂತ ಸಣ್ಣ ವ್ಯತ್ಯಾಸ ತೋರಿಸದಿದ್ದರೆ ಸುಮಾರು 285 ನಿಮಿಷವಾದ ಮೇಲೆ ಅದಕ್ಕೆ ನೋಡಲು ಏನೂ ಉಳಿದಿರುವುದಿಲ್ಲ. ತೊಟ್ಟಿ ನೋಡಿಕೊಳ್ಳುವವನು ‘ತಲುಪಿತು’ ಅಂದರೆ ನಾನು ತಿದ್ದಲು ಹೋಗೆನು. ಪ್ರಮೇಯದ ವಾಕ್ಯದಲ್ಲಿ ‘ಸಮೀಪಿಸುತ್ತದೆ’ ಇರಲಿ.

ಬಾಯ್ಲರ್‌ಭಟ್ಟ:

ನಾನು ಕನ್ನಡ ಮೇಷ್ಟ್ರೂ ಅಲ್ಲ, ಗಣಿತವೂ ಅಷ್ಟಕ್ಕಷ್ಟೇ. ಆದರೆ ಈ ತೊಟ್ಟಿ ನನಗೆ ದಿನಾ ಕಾಣುತ್ತದೆ. ನಮ್ಮಲ್ಲಿ ಕೂಲಿಂಗ್ ಟವರ್ ಇದೆ, ಅದರ ಕೆಳಗಿನ ಬೇಸಿನ್ನಿನಲ್ಲಿ ಒಳಬರುವ ನೀರಿಗಿಂತ ಜಾಸ್ತಿ ಉಪ್ಪಿರುತ್ತದೆ. ಕೊಳಾಯಿಯ ಸಾರತೆಯೇ ಕೊನೆಗೆ ತೊಟ್ಟಿಯದೂ ಆಗುತ್ತದೆ ಅನ್ನುವುದು ನಮ್ಮಲ್ಲಿ ನಡೆಯುವುದಿಲ್ಲ.

ಲೆಕ್ಕಕ್ಕೆ ಅನುಕೂಲವಾಗಲೆಂದು ದುಂಡು ಅಂಕಿ ಕೊಡುತ್ತೇನೆ. ಬೇಸಿನ್ನು 1,00,000 ಲೀಟರು. ಗಂಟೆಗೆ 10,000 ಲೀಟರು ಮೇಕಪ್ ನೀರು, ಲೀಟರಿಗೆ 300 ಮಿಲಿಗ್ರಾಂ ಲವಣ. ಅದರಲ್ಲಿ 8,000 ಲೀಟರು ಆವಿಯಾಗಿ ಹೋಗುತ್ತದೆ, ಉಪ್ಪು ಮಾತ್ರ ಆವಿಯಾಗುವುದಿಲ್ಲ. ಉಳಿದ 2,000 ಲೀಟರನ್ನು ಬ್ಲೋಡೌನ್ ಎಂದು ನಾವೇ ಹೊರಗೆ ಬಿಡುತ್ತೇವೆ. ಉಪ್ಪಿಗೆ ಹೊರಹೋಗಲು ಅದೊಂದೇ ದಾರಿ. ಹತ್ತು ಸಾವಿರ ಲೀಟರಿನ ಉಪ್ಪು ಎರಡು ಸಾವಿರ ಲೀಟರಿನಲ್ಲಿ ಹೋಗಬೇಕಾದರೆ ಆ ನೀರು ಐದು ಪಟ್ಟು ಗಟ್ಟಿಯಾಗಿರಲೇಬೇಕು. ಅಲ್ಲಿಗೆ 1500.

ಒಮ್ಮೆ ಯಾರೋ ಬ್ಲೋಡೌನ್ ವಾಲ್ವ್ ಮುಚ್ಚಿ ಮರೆತಿದ್ದರು. ಮೀಟರಿನ ಗೆರೆ ಬಾಗಲೇ ಇಲ್ಲ, ನೇರ ಏಣಿ ಹಾಕಿದ ಹಾಗೆ ಮೇಲೆ ಹೋಯಿತು. ಪೈಪಿನೊಳಗೆ ಬಿಳಿ ಪೊರೆ ಕೂತು ನೀರು ಸರಿಯಾಗಿ ತಣ್ಣಗಾಗುವುದೂ ನಿಂತಿತು. ಇದಕ್ಕೆ ನಿಮ್ಮ ಯಾವ ‘ಮಿತಿ’ ಹೇಳುತ್ತೀರಿ?

ಹಳೇಮೇಷ್ಟ್ರು:

ಭಟ್ಟರೇ, ಗಣಿತ ಅಷ್ಟಕ್ಕಷ್ಟೇ ಅನ್ನುತ್ತಲೇ ಒಳ್ಳೇ ಪ್ರಶ್ನೆ ತಂದಿರಿ. ಬೇಸಿನ್ನು 300ರಿಂದ ಶುರುವಾದರೆ ನಿಮ್ಮ ಸೂತ್ರ 1500 − 1200e^(−t/50), ಇಲ್ಲಿ t ಗಂಟೆಗಳಲ್ಲಿ. ಘಾತದ 50 ಬಂದದ್ದು ಬೇಸಿನ್ನಿನ ನೀರನ್ನು ಬ್ಲೋಡೌನಿನಿಂದ ಭಾಗಿಸಿ. ಮೇಕಪ್ಪಿನಿಂದ ಭಾಗಿಸಿದರೆ ತಪ್ಪು. ಉಪ್ಪನ್ನು ಹೊರಗೊಯ್ಯುವ ಹರಿವು ಯಾವುದೋ ಅದೇ ವೇಗವನ್ನು ನಿರ್ಧರಿಸುತ್ತದೆ. ವಾಲ್ವ್ ಮುಚ್ಚಿದಾಗ ಆ ಹರಿವು ಸೊನ್ನೆ. ಆಗ ಮೇಕಪ್ಪು ಆವಿಯಷ್ಟೇ, 8,000 ಲೀಟರು. ಸಾರತೆ ಗಂಟೆಗೆ 24ರಂತೆ ಸರಳರೇಖೆಯಲ್ಲಿ ಏರುತ್ತದೆ. e ಇಲ್ಲ, ಮಿತಿಯೂ ಇಲ್ಲ. ನಿಮ್ಮ ಬಿಳಿ ಪೊರೆ ಲವಣ ನೀರಿನಿಂದ ಬೇರೆಯಾಗತೊಡಗಿದ್ದರ ಗುರುತು, ಅಲ್ಲಿಂದ ಮುಂದೆ ಈ ಸಮೀಕರಣವೇ ಕೆಲಸಕ್ಕೆ ಬಾರದು. ಸಂಜೆಗೆಂಪು ಅವರು ಎತ್ತಿದ ಕರಗುವಿಕೆಯ ಮಾತು ಹೊಂದುವುದು ಇಲ್ಲಿ. ಅಡುಗೆ ಉಪ್ಪಿಗಲ್ಲ, ಸುಣ್ಣದಂಥ ಲವಣಗಳಿಗೆ.

ಕಡತವಿಲೇವಾರಿ:

ಹಾಗಿದ್ದರೆ ‘ಸ್ಥಿರ’ ಎಂದರೆ ನೀರು ಸಮವಿರುವುದೋ ಉಪ್ಪು ಸಮವಿರುವುದೋ? ವಾಲ್ವ್ ಮುಚ್ಚಿದಾಗಲೂ ಬೇಸಿನ್ನಿನ ನೀರು ಅಷ್ಟೇ ಇತ್ತಲ್ಲ.

ಅಂಕಿಲೆಕ್ಕ:

ನನಗೂ ಈಗ ಅದೇ ಕಾಡುತ್ತಿದೆ. ನನ್ನ ತೊಟ್ಟಿಯಲ್ಲಿ ಒಳಹರಿವು 20 ಇದ್ದು ಹೊರಹರಿವು 10 ಮಾಡಿ ನೋಡಿದೆ. ನೀರು 1000 + 10t ಆಗಿ ಬೆಳೆಯುತ್ತಾ ಹೋಗುತ್ತದೆ. ಬಿಡಿಸಿದರೆ c = 30(1 − (100/(100+t))²). ಎಲ್ಲೂ e ಬರಲಿಲ್ಲ. ಮಿತಿ ಮಾತ್ರ ಆಗಲೂ 30. ಆದರೆ ತೊಟ್ಟಿ 2000 ಲೀಟರಿನದಾದರೆ ನೂರನೇ ನಿಮಿಷಕ್ಕೆ ತುಂಬಿ ತುಳುಕುತ್ತದೆ, ಆಗಿನ್ನೂ ಸಾರತೆ 22.5. ಅಂದರೆ ಆ 30 ಕಾಗದದ ಮೇಲೆ ಮಾತ್ರ ಇದೆ. ಹೋದ ಪರೀಕ್ಷೆಯಲ್ಲಿ ಇಂಥದ್ದಕ್ಕೂ ಅರ್ಧ ತರಗತಿ e^(−t/50) ಬರೆದಿತ್ತು, ಬಾಯಿಪಾಠದ ಫಲ.

ಹಳೇಮೇಷ್ಟ್ರು:

ಎರಡೂ ನಿಲ್ಲಬೇಕು: ನೀರಿನ ಅಳತೆ ಬದಲಾಗಬಾರದು, ಬರುವ ಉಪ್ಪೂ ಹೋಗುವ ಉಪ್ಪೂ ಸರಿಸಮವಾಗಬೇಕು. ಭಟ್ಟರ ಮುಚ್ಚಿದ ವಾಲ್ವಿನಲ್ಲಿ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ಮೇಡಂ ಅವರ ತುಂಬುವ ತೊಟ್ಟಿಯಲ್ಲಿ ಮೊದಲನೆಯದೇ ಇಲ್ಲ. ‘ಸ್ಥಿರ’ ನನಗೆ ಇಷ್ಟವಾಗದಿರುವುದು ಬೇರೆ ಕಾರಣಕ್ಕೆ. ನಿಮಿಷಕ್ಕೆ 20 ಲೀಟರೆಂಬುದು ಮೊದಲಿನಿಂದಲೂ ಸ್ಥಿರ. 30 ಎಂಬುದು ಬದಲಾಗುತ್ತಾ ಬಂದು ನೆಲೆನಿಲ್ಲುವ ಬೆಲೆ. ಎರಡಕ್ಕೂ ಒಂದೇ ಪದ ಬೇಡ. ‘ಸ್ಥಾಯಿ ಸಾರತೆ’ ಎನ್ನಿ.

ಸಂಜೆಗೆಂಪು:

ಸ್ಥಾಯಿ ಎಂದರೆ ನನಗೆ ಮಂದ್ರ, ಮಧ್ಯ, ತಾರವೇ ನೆನಪಾಗುತ್ತವೆ! ‘ನೆಲೆಸಾರತೆ’ ಅನ್ನಬಾರದೇ?

ಕಡತವಿಲೇವಾರಿ:

‘ನೆಲೆಸಾರತೆ’ ಕೇಳಿದರೆ ಯಾವುದೋ ಊರಿನ ಹೆಸರಿನಂತಿದೆ. ‘ಸ್ಥಿರ’ವೇ ಇರಲಿ, ಜನಕ್ಕೆ ಗೊತ್ತಿರುವ ಪದ. ‘ಗರಿಷ್ಠ’ವನ್ನು ಬೇಕಾದರೆ ಬಿಡೋಣ, 50ರ ತೊಟ್ಟಿಗೆ ಅದು ಕೂಡದು.

ಅಂಕಿಲೆಕ್ಕ:

ಸದ್ಯಕ್ಕೆ ವಾಕ್ಯ ಹೀಗಾಗಿದೆ: “ಕಾಲ ಕಳೆದಂತೆ, ಆರಂಭದ ಉಪ್ಪು ಎಷ್ಟೇ ಇದ್ದರೂ, ತೊಟ್ಟಿಯ ಸಾರತೆಯು 30ನ್ನು ಸಮೀಪಿಸುತ್ತದೆ, ಇದೇ ಅದರ ಮಿತಿ.” ‘ಸ್ಥಿರ’, ‘ಸ್ಥಾಯಿ’ ಎರಡನ್ನೂ ಹೊರಗಿಟ್ಟಿದ್ದೇನೆ, ಆ ಜಗಳ ನಡೆಯುತ್ತಿರಲಿ.

ಬಾಯ್ಲರ್‌ಭಟ್ಟ:

ಮೇಡಂ, ‘ಚೆನ್ನಾಗಿ ಕಲಕಿದ’ ಎಂಬುದು ವಾಕ್ಯದಿಂದ ಬಿಟ್ಟುಹೋಯಿತಲ್ಲ. ಉಪ್ಪುನೀರು ಭಾರ, ಕಲಕದಿದ್ದರೆ ತಳಕ್ಕೆ ಇಳಿಯುತ್ತದೆ. ಹೊರಗಿನ ಪೈಪೂ ತಳದಲ್ಲೇ ಇದ್ದರೆ ಬಂದ ಉಪ್ಪು ಹಾಗೇ ಹೊರಟುಹೋಗುತ್ತದೆ, ಮೇಲಿನ ನೀರು ಸಪ್ಪೆಯಾಗೇ ಉಳಿಯುತ್ತದೆ. ನಿಮ್ಮ ಸೂತ್ರದಂತೆ ಹತ್ತನೇ ನಿಮಿಷಕ್ಕೆ ಹೊರನೀರಿನಲ್ಲಿ 5.4 ಇರಬೇಕು. ಅಷ್ಟು ಬೇಗ 20 ತೋರಿಸಿದರೆ ಮೀಟರನ್ನು ಬೈಯುವ ಮೊದಲು ಕಲಕುವ ಮೋಟಾರು ತಿರುಗುತ್ತಿದೆಯಾ ನೋಡಿ.

ಅಂಕಿಲೆಕ್ಕ:

ಸೇರಿಸಿದೆ. ಆದರೆ ‘ಕಲಕಿದ’ ಎಂದರೆ ನಮ್ಮ ಕಡೆ ಮಕ್ಕಳಿಗೆ ‘ಕದಡಿ ಬಗ್ಗಡವಾದ’ ಅನ್ನುವ ಅರ್ಥವೇ ಮೊದಲು ಬರುತ್ತದೆ. ‘ಬೆರೆಸಿದ’ ಅಂದರೆ ಒಮ್ಮೆ ಬೆರೆಸಿ ಬಿಟ್ಟ ಹಾಗಾಗುತ್ತದೆ, ಇಲ್ಲಿ ಕೋಲು ಇಡೀ ಹೊತ್ತು ತಿರುಗುತ್ತಲೇ ಇರಬೇಕು. ನಿಮ್ಮ ನಿಮ್ಮ ಊರಲ್ಲಿ ಏನನ್ನುತ್ತೀರಿ?